5ನೇ ತಾರೀಖಿನ ಕಡಿತಕ್ಕೆ ಮುನ್ನ ಸ್ಥಾಯಿ ಸೂಚನೆಯನ್ನು ನಿಲ್ಲಿಸುವುದು ಹೇಗೆ?

ನೀಲಿ ಬಾಗಿಲು | ಬುಧವಾರ, 1ನೇ ತಾರೀಖು, ಸಂಜೆ 6:40

ಎರಡು ವರ್ಷಗಳ ಹಿಂದೆ ಬಾಡಿಗೆ ಮನೆಗೆ ಹೋದಾಗ, ಪ್ರತಿ ತಿಂಗಳ 5ರಂದು ನನ್ನ ಉಳಿತಾಯ ಖಾತೆಯಿಂದ ಮಾಲೀಕರ ಖಾತೆಗೆ ಬಾಡಿಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿನ ಶಾಖೆಯಲ್ಲಿ ಫಾರಂ ತುಂಬಿ ಸ್ಥಾಯಿ ಸೂಚನೆ ಕೊಟ್ಟಿದ್ದೆ. ಕಳೆದ ತಿಂಗಳ ಕೊನೆಯಲ್ಲಿ ಆ ಮನೆಯನ್ನು ಬಿಟ್ಟಿದ್ದೇನೆ. ಲೆಕ್ಕವೆಲ್ಲ ಚುಕ್ತಾ ಆಗಿದೆ. ಆದರೆ ಸೂಚನೆಯನ್ನು ನಿಲ್ಲಿಸಬೇಕೆಂಬುದು ನೆನಪಾದದ್ದು ಇಂದು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು ಅಳಿಸುವ ಗುಂಡಿಯನ್ನು ಒತ್ತಿದೆ. ‘ನಿಮ್ಮ ಕೋರಿಕೆಯನ್ನು ಸಲ್ಲಿಸಲಾಗಿದೆ’ ಎಂಬ ಸಂದೇಶ ಬಂದಿತು. ಒಂದು ಗಂಟೆಯ ನಂತರ ಮತ್ತೆ ನೋಡಿದರೆ ಸೂಚನೆ ‘ಸಕ್ರಿಯ’ ಎಂದೇ ಕಾಣಿಸುತ್ತಿದೆ, ಮುಂದಿನ ದಿನಾಂಕ 5 ಎಂದೇ ಇದೆ. ಈ ಬಾರಿ 5ನೇ ತಾರೀಖು ಭಾನುವಾರ. ನನಗೆ ಇನ್ನೂ ನಾಲ್ಕು ದಿನಗಳ ಅವಕಾಶವಿದೆ ಎಂದು ಭಾವಿಸಿ ಕಾಯಬಹುದೇ, ಅಥವಾ ನಾಳೆಯೇ ಶಾಖೆಗೆ ಹೋಗಬೇಕೇ? ಮಾಲೀಕರೊಂದಿಗೆ ಈಗ ಮಾತು ಅಷ್ಟು ಸಲೀಸಾಗಿಲ್ಲ. ಹೋದ ಹಣವನ್ನು ಕೇಳಿ ಪಡೆಯುವ ಪರಿಸ್ಥಿತಿ ಬಾರದಿರಲಿ ಎಂಬುದೇ ನನ್ನ ಕಳವಳ.

ಸರಳ ದಾರಿ | ಬುಧವಾರ, ಸಂಜೆ 7:05

ಇದಕ್ಕೆ ಶಾಖೆಗೆ ಅಲೆಯುವ ಅಗತ್ಯವೇ ಇಲ್ಲ. 4ನೇ ತಾರೀಖಿನ ರಾತ್ರಿ ಖಾತೆಯಲ್ಲಿರುವ ಹಣವನ್ನೆಲ್ಲ ನಿಮ್ಮದೇ ಇನ್ನೊಂದು ಖಾತೆಗೆ ವರ್ಗಾಯಿಸಿಬಿಡಿ. ಹಣವಿಲ್ಲದಿದ್ದರೆ ಕಡಿತವೂ ಆಗುವುದಿಲ್ಲ. ಹೀಗೆ ಎರಡು ಮೂರು ತಿಂಗಳು ವಿಫಲವಾದರೆ ಬ್ಯಾಂಕೇ ಆ ಸೂಚನೆಯನ್ನು ತೆಗೆದುಹಾಕುತ್ತದೆ. ನಾನು ಹಿಂದೊಮ್ಮೆ ಹಾಗೆಯೇ ಮಾಡಿದ್ದೆ, ಯಾವ ತೊಂದರೆಯೂ ಆಗಲಿಲ್ಲ.

ಮುಂಗಾರು ಓದುಗ | ಬುಧವಾರ, ಸಂಜೆ 7:30

ನನಗೂ ಇದೇ ಸಮಸ್ಯೆ. ಸಿನಿಮಾ ನೋಡುವ ಒಂದು ಸೇವೆಗೆ ಪ್ರತಿ ತಿಂಗಳು ನನ್ನ ಕಾರ್ಡಿನಿಂದ ಹಣ ಹೋಗುತ್ತಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಸ್ಥಾಯಿ ಸೂಚನೆಗಳ ಪಟ್ಟಿ ತೆರೆದರೆ ಅದು ಕಾಣುವುದೇ ಇಲ್ಲ. ಕಾಣದಿರುವುದನ್ನು ಅಳಿಸುವುದು ಹೇಗೆ? ನಿಮಗೆ ಪಟ್ಟಿಯಲ್ಲಾದರೂ ಕಾಣಿಸುತ್ತಿದೆಯಲ್ಲ, ಅದು ಅದೃಷ್ಟವೇ.

ನಿವೃತ್ತ ಗುಮಾಸ್ತ | ಬುಧವಾರ, ರಾತ್ರಿ 8:50

ನೀಲಿ ಬಾಗಿಲು ಅವರೇ, ನಾಳೆಯೇ ಶಾಖೆಗೆ ಹೋಗಿ. ನಿಮಗಿರುವುದು ನಾಲ್ಕು ದಿನಗಳಲ್ಲ, ಬಹುಶಃ ಒಂದೇ ದಿನ. ನಾನು ಬ್ಯಾಂಕಿನಲ್ಲಿ ಬಹುಕಾಲ ಇಂತಹ ಸೂಚನೆಗಳನ್ನು ದಾಖಲಿಸುವ ವಿಭಾಗದಲ್ಲಿದ್ದವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಡಿತದ ದಿನ ರಜಾದಿನವಾಗಿದ್ದರೆ ಬ್ಯಾಂಕುಗಳು ಮೂರು ರೀತಿಯಲ್ಲಿ ನಡೆದುಕೊಳ್ಳುತ್ತವೆ: ಕೆಲವು ಹಿಂದಿನ ಕೆಲಸದ ದಿನವೇ ಹಣ ಕಳಿಸುತ್ತವೆ, ಕೆಲವು ಮುಂದಿನ ಕೆಲಸದ ದಿನಕ್ಕೆ ತಳ್ಳುತ್ತವೆ, ಇನ್ನು ಕೆಲವು ರಜೆಯೆಂದು ನೋಡದೆ ಅದೇ ದಿನ ಕಳಿಸಿಬಿಡುತ್ತವೆ. ನಿಮ್ಮ ಬ್ಯಾಂಕು ಯಾವುದನ್ನು ಪಾಲಿಸುತ್ತದೆ ಎಂಬುದನ್ನು ಯಾರನ್ನೂ ಕೇಳದೆ ನೀವೇ ತಿಳಿಯಬಹುದು. ನಿಮ್ಮ ಖಾತೆಯ ಹಳೆಯ ವಿವರಪಟ್ಟಿಯನ್ನು ತೆಗೆದು, ಈ ಎರಡು ವರ್ಷಗಳಲ್ಲಿ 5ನೇ ತಾರೀಖು ಭಾನುವಾರ ಬಂದ ತಿಂಗಳನ್ನು ಹುಡುಕಿ, ಆ ತಿಂಗಳು ಬಾಡಿಗೆ ಯಾವ ತಾರೀಖಿಗೆ ಕಡಿತವಾಗಿದೆ ಎಂದು ನೋಡಿ. ಹಾಗೆಯೇ ಹಿಂದಿನ ಕಡಿತಗಳ ಎಸ್‌ಎಂಎಸ್‌ಗಳು ಉಳಿದಿದ್ದರೆ ಅವು ಬಂದ ಗಂಟೆಯನ್ನೂ ಗಮನಿಸಿ. ಮುಂಜಾನೆ ಬಂದಿದ್ದರೆ, ಶಾಖೆ ಬಾಗಿಲು ತೆರೆಯುವ ಮೊದಲೇ ಆ ದಿನದ ಸೂಚನೆಗಳೆಲ್ಲ ಒಟ್ಟಾಗಿ ಓಡಿಬಿಡುತ್ತವೆ ಎಂದರ್ಥ. ಆಗ ಕಡಿತದ ದಿನ ಬೆಳಿಗ್ಗೆ ಶಾಖೆಗೆ ಓಡಿ ಪ್ರಯೋಜನವಿಲ್ಲ, ಹಿಂದಿನ ದಿನದ ವ್ಯವಹಾರದ ವೇಳೆ ಮುಗಿಯುವುದೇ ನಿಮ್ಮ ಗಡುವು.

ಎರಡನೆಯದು, ಆ್ಯಪ್‌ನ ಸಂದೇಶ. ‘ಸಲ್ಲಿಸಲಾಗಿದೆ’ ಎಂಬುದಕ್ಕೂ ‘ರದ್ದಾಗಿದೆ’ ಎಂಬುದಕ್ಕೂ ಬಹಳ ಅಂತರವಿದೆ. ಶಾಖೆಯಲ್ಲಿ ಕಾಗದದ ಮೇಲೆ ಕೊಟ್ಟ ಸೂಚನೆಯನ್ನು ಆ್ಯಪ್‌ನಲ್ಲಿ ಅಳಿಸಿದರೆ, ಹಲವು ಬ್ಯಾಂಕುಗಳಲ್ಲಿ ಆ ಕೋರಿಕೆ ಶಾಖೆಯ ಸರದಿಗೆ ಹೋಗಿ ಕೂರುತ್ತದೆ. ಅಲ್ಲಿ ಒಬ್ಬರು ಅದನ್ನು ದಾಖಲಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಎರಡನೆಯವರ ಅನುಮೋದನೆ ಸಿಗುವವರೆಗೆ ಕಂಪ್ಯೂಟರಿನ ಪಾಲಿಗೆ ನಿಮ್ಮ ಹಳೆಯ ಸೂಚನೆ ಜೀವಂತವಾಗಿಯೇ ಇರುತ್ತದೆ. ನನ್ನ ಕಾಲದಲ್ಲಿ ಗ್ರಾಹಕರು ತೊಂದರೆಗೆ ಸಿಕ್ಕಿದ್ದು ಹೆಚ್ಚಾಗಿ ಇಲ್ಲಿಯೇ. ಮೊದಲನೆಯವರು ತಮ್ಮ ಕೆಲಸ ಮುಗಿಸಿ ‘ಆಯಿತು, ಹೋಗಿ’ ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ಸತ್ಯವೂ ಆಗಿರುತ್ತಿತ್ತು. ಆದರೆ ಅನುಮೋದಿಸಬೇಕಾದ ಅಧಿಕಾರಿ ಬೇರೆ ಕೆಲಸದಲ್ಲಿದ್ದು, ಮರುದಿನ ಮುಂಜಾನೆ ಹಣ ಹೋಗಿಬಿಡುತ್ತಿತ್ತು.

ಸರಳ ದಾರಿ ಅವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಸತತವಾಗಿ ವಿಫಲವಾದ ಸೂಚನೆಯನ್ನು ತಾನಾಗಿ ನಿಲ್ಲಿಸುವ ಬ್ಯಾಂಕುಗಳಿವೆ. ಆದರೆ ಹಣ ಸಾಲದೆ ವಿಫಲವಾದ ಪ್ರತಿ ಬಾರಿಗೂ ಶುಲ್ಕ ಹಾಕುವ ಬ್ಯಾಂಕುಗಳೂ ಇವೆ, ಮತ್ತು ಮೊದಲ ಪ್ರಯತ್ನ ವಿಫಲವಾದರೆ ಅದೇ ದಿನ ಸಂಜೆಯೋ ಮುಂದಿನ ದಿನಗಳಲ್ಲೋ ಮತ್ತೆ ಪ್ರಯತ್ನಿಸುವ ವ್ಯವಸ್ಥೆ ಸಾಮಾನ್ಯವಾಗಿದೆ. ಆ ನಡುವೆ ಖಾತೆಗೆ ಸಂಬಳವೋ ಬೇರೆ ಹಣವೋ ಬಂದರೆ ಬಾಡಿಗೆ ಹೋಗಿಯೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಬಾರಿ ಕಡಿತ 5ಕ್ಕಿಂತ ಮೊದಲೇ ಆಗುವುದಾದರೆ 4ರ ರಾತ್ರಿ ಖಾಲಿ ಮಾಡಿ ಏನು ಫಲ?

ಮುಂಗಾರು ಓದುಗ ಅವರೇ, ನಿಮ್ಮದು ಬೇರೆಯೇ ವಿಷಯ. ನೀಲಿ ಬಾಗಿಲು ಅವರ ಹಣವನ್ನು ಅವರ ಬ್ಯಾಂಕೇ ಹೊರಗೆ ಕಳಿಸುತ್ತದೆ, ಆದ್ದರಿಂದ ಅವರ ಬ್ಯಾಂಕೇ ಅದನ್ನು ನಿಲ್ಲಿಸಬಲ್ಲದು. ನಿಮ್ಮ ಹಣವನ್ನು ಆ ಸೇವೆಯವರು ನೀವು ಕೊಟ್ಟ ಒಪ್ಪಿಗೆಯ ಮೇಲೆ ಎಳೆದುಕೊಳ್ಳುತ್ತಾರೆ. ಮೊದಲು ಆ ಸೇವೆಯಲ್ಲಿಯೇ ಚಂದಾ ರದ್ದುಪಡಿಸಿ, ನಂತರ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಆ ಒಪ್ಪಿಗೆ ಉಳಿದಿದೆಯೇ ಎಂದು ನೋಡಿ.

ಎರಡನೇ ಕಂತು | ಬುಧವಾರ, ರಾತ್ರಿ 9:35

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಕೊಂಡರೆ ಬೇರೆಯವರಿಗೆ ಉಪಯೋಗವಾದೀತು. ತಂಗಿಯ ಕಾಲೇಜು ಖರ್ಚಿಗೆಂದು ಪ್ರತಿ ತಿಂಗಳು ಹೋಗುತ್ತಿದ್ದ ಹಣವನ್ನು, ಅವಳ ಓದು ಮುಗಿದ ಮೇಲೆ ನಿಲ್ಲಿಸಲು, ಆ್ಯಪ್‌ನ ಫಲಾನುಭವಿಗಳ ಪಟ್ಟಿಯಿಂದ ಅವಳ ಹೆಸರನ್ನು ಅಳಿಸಿದೆ. ಹೆಸರೇ ಇಲ್ಲದ ಮೇಲೆ ಹಣ ಎಲ್ಲಿಗೆ ಹೋದೀತು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಮುಂದಿನ ತಿಂಗಳು ಹಣ ಎಂದಿನಂತೆ ಹೋಯಿತು. ಬ್ಯಾಂಕಿನಲ್ಲಿ ವಿಚಾರಿಸಿದಾಗ, ಸ್ಥಾಯಿ ಸೂಚನೆಯ ದಾಖಲೆಯೊಳಗೆ ಪಡೆಯುವವರ ಖಾತೆ ಸಂಖ್ಯೆ ಪ್ರತ್ಯೇಕವಾಗಿ ಉಳಿದಿರುತ್ತದೆ, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ ಎಂದರು. ಹಣ ತಂಗಿಗೆ ಹೋದ ಕಾರಣ ಕೇಳಿದ ಕೂಡಲೇ ಮರಳಿ ಬಂತು. ಅಪರಿಚಿತರ ಖಾತೆಯಾಗಿದ್ದರೆ ಏನಾಗುತ್ತಿತ್ತೋ.

ಸಂಜೆ ಪಾಳಿ | ಬುಧವಾರ, ರಾತ್ರಿ 10:10

ನಿವೃತ್ತ ಗುಮಾಸ್ತರ ಒಂದು ಮಾತಿಗೆ ನನ್ನ ತಕರಾರಿದೆ. ಎಲ್ಲ ಕಡೆ ಮುಂಜಾನೆಯೇ ಓಡುತ್ತದೆ ಎಂದು ಓದುಗರು ತಿಳಿಯಬಾರದು. ನಾನು ಕೆಲಸ ಮಾಡಿದ ಸಂಸ್ಥೆಯಲ್ಲಿ ದಿನದ ಕೊನೆಯ ಲೆಕ್ಕ ಮುಗಿಸುವಾಗ ಸೂಚನೆಗಳು ಓಡುತ್ತಿದ್ದವು, ಆದ್ದರಿಂದ ಕಡಿತದ ದಿನ ಮಧ್ಯಾಹ್ನದವರೆಗೂ ರದ್ದುಪಡಿಸಲು ಸಾಧ್ಯವಿತ್ತು. ಇದಕ್ಕೆ ವಿರುದ್ಧವಾದ ತೊಂದರೆಯೂ ಇತ್ತು: ಬೇರೆ ಬ್ಯಾಂಕಿಗೆ ಹೋಗುವ ಪಾವತಿಗಳ ಕಡತವನ್ನು ಒಂದೆರಡು ದಿನ ಮೊದಲೇ ಸಿದ್ಧಪಡಿಸಿ ಇಡಲಾಗುತ್ತಿತ್ತು, ಕಡತಕ್ಕೆ ಸೇರಿದ ಮೇಲೆ ಮೂಲ ಸೂಚನೆಯನ್ನು ರದ್ದುಪಡಿಸಿದರೂ ಆ ಒಂದು ಕಂತು ಹೋಗಿಬಿಡುತ್ತಿತ್ತು. ಆದ್ದರಿಂದ ಇವರು ಶಾಖೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು: ಸೂಚನೆ ರದ್ದಾಯಿತೇ, ಮತ್ತು ಬರುವ ಕಂತು ಈಗಾಗಲೇ ಸರದಿಗೆ ಸೇರಿದೆಯೇ.

ನಿವೃತ್ತ ಗುಮಾಸ್ತ | ಬುಧವಾರ, ರಾತ್ರಿ 10:25

ಒಪ್ಪಿದೆ. ಮೊದಲೇ ಸಿದ್ಧವಾಗುವ ಕಡತದ ವಿಷಯವನ್ನು ನಾನು ಬಿಟ್ಟಿದ್ದೆ. ಎರಡನೆಯ ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ದಿನದ ಕೊನೆಯಲ್ಲಿ ಓಡುತ್ತದೆ ಎಂದು ನಂಬಿ ಕೊನೆಯ ದಿನದವರೆಗೆ ಕಾಯುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ.

ನೀಲಿ ಬಾಗಿಲು | ಬುಧವಾರ, ರಾತ್ರಿ 11:15

ಹಳೆಯ ವಿವರಪಟ್ಟಿಗಳನ್ನು ತೆಗೆದು ನೋಡಿದೆ. 5ನೇ ತಾರೀಖು ಭಾನುವಾರ ಬಂದ ಒಂದು ತಿಂಗಳಲ್ಲಿ ಬಾಡಿಗೆ 3ನೇ ತಾರೀಖು, ಶುಕ್ರವಾರ ಕಡಿತವಾಗಿದೆ! ನನ್ನ ಬ್ಯಾಂಕು ಶನಿವಾರವನ್ನೂ ಕೆಲಸದ ದಿನವೆಂದು ಎಣಿಸಿಲ್ಲ. ಇತ್ತೀಚಿನ ಮೂರು ಎಸ್‌ಎಂಎಸ್‌ಗಳು ಉಳಿದಿವೆ, ಮೂರೂ ಬೆಳಿಗ್ಗೆ 6 ಗಂಟೆಯೊಳಗೆ ಬಂದಿವೆ. ಹಾಗಾದರೆ ಈ ಬಾರಿ ನಾಡಿದ್ದು ಮುಂಜಾನೆಯೇ ಹಣ ಹೋಗುತ್ತದೆ. ಆ್ಯಪ್ ಮಾತ್ರ ಮುಂದಿನ ದಿನಾಂಕ 5 ಎಂದೇ ತೋರಿಸುತ್ತಿದೆ. ಅದನ್ನು ನಂಬಿ ಶುಕ್ರವಾರ ಶಾಖೆಗೆ ಹೋಗೋಣವೆಂದು ಯೋಚಿಸಿದ್ದೆ.

ಇನ್ನೊಂದು ಗೊಂದಲ. ಪಟ್ಟಿಯನ್ನು ಪೂರ್ತಿ ಕೆಳಗೆ ಸರಿಸಿದಾಗ ಮಾಲೀಕರ ಹೆಸರಿನಲ್ಲಿ ಎರಡು ಸೂಚನೆಗಳು ಕಾಣುತ್ತಿವೆ, ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಒಂದು ವರ್ಷದ ನಂತರ ಬಾಡಿಗೆ ಹೆಚ್ಚಾದಾಗ ಶಾಖೆಯವರು ಹಳೆಯದನ್ನು ತಿದ್ದುವ ಬದಲು ಹೊಸದೊಂದನ್ನು ಮಾಡಿದ್ದಿರಬೇಕು. ಇವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು?

ನಿವೃತ್ತ ಗುಮಾಸ್ತ | ಬುಧವಾರ, ರಾತ್ರಿ 11:40

ಮಲಗುವ ಮುನ್ನ ನೋಡಿದ್ದು ಒಳ್ಳೆಯದಾಯಿತು. ಎರಡರ ಮೊತ್ತವನ್ನೂ ಅಂತಿಮ ದಿನಾಂಕವನ್ನೂ ನೋಡಿ. ಕಳೆದ ತಿಂಗಳು ಕಡಿತವಾದ ಮೊತ್ತ ಯಾವುದರಲ್ಲಿದೆಯೋ ಅದೇ ಈಗ ನಡೆಯುತ್ತಿರುವುದು. ಹಳೆಯದಕ್ಕೆ ಅಂತಿಮ ದಿನಾಂಕ ಹಾಕಿದ್ದು ಅದು ಕಳೆದಿದ್ದರೆ ಅದು ಮುಗಿದ ದಾಖಲೆ. ಆದರೂ ಶಾಖೆಯವರು ಹೆಸರಿನಿಂದ ಹುಡುಕಿದರೆ ಮೊದಲು ಹಳೆಯದೇ ಕಣ್ಣಿಗೆ ಬಿದ್ದು ಅದನ್ನೇ ಮುಚ್ಚಿ ಕಳಿಸುವ ಸಂಭವವಿದೆ. ಆದ್ದರಿಂದ ಬಾಯಿಮಾತಿನಲ್ಲಿ ಹೇಳಬೇಡಿ, ಸೂಚನೆಯ ಸಂಖ್ಯೆಯೊಂದಿಗೆ ಬರೆದು ಕೊಡಿ. ಬರವಣಿಗೆ ಹೀಗಿದ್ದರೆ ಸಾಕು:

‘ನನ್ನ ಇಂಥ ಸಂಖ್ಯೆಯ ಖಾತೆಯಿಂದ ಪ್ರತಿ ತಿಂಗಳ 5ರಂದು ಇಂಥವರ ಖಾತೆಗೆ ಇಷ್ಟು ಮೊತ್ತ ಹೋಗುವ, ಇಂಥ ಸಂಖ್ಯೆಯ ಸ್ಥಾಯಿ ಸೂಚನೆಯನ್ನು ಇಂದಿನಿಂದಲೇ ರದ್ದುಪಡಿಸಬೇಕೆಂದು ಕೋರುತ್ತೇನೆ. ಈ ತಿಂಗಳ ಕಂತೂ ಸೇರಿದಂತೆ, ಅದು 3ರಂದು ಕಡಿತವಾಗುವುದಿದ್ದರೆ ಅದನ್ನೂ ಒಳಗೊಂಡು, ಇನ್ನು ಮುಂದೆ ಯಾವ ಕಂತೂ ಹೋಗಬಾರದು. ಇದೇ ವಿಷಯದಲ್ಲಿ 1ನೇ ತಾರೀಖು ಆ್ಯಪ್‌ನಲ್ಲಿ ಕೋರಿಕೆ ಸಲ್ಲಿಸಿದ್ದೇನೆ.’

ಈ ತಿಂಗಳ ಕಂತಿನ ಮಾತನ್ನು ಬಿಡಬೇಡಿ. ಬರಿದೇ ರದ್ದುಪಡಿಸಿ ಎಂದು ಬರೆದರೆ, ಮುಂದಿನ ತಿಂಗಳಿಂದ ಎಂದು ಅರ್ಥ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮುದ್ರೆ, ಸಹಿ, ತಾರೀಖು ಮತ್ತು ಸಮಯ ಹಾಕಿಸಿಕೊಳ್ಳಿ. ಇಷ್ಟಾದ ಮೇಲೂ ಹಣ ಹೋದರೆ, ಕಡಿತಕ್ಕೆ ಮುನ್ನ ನೀವು ನಿಲ್ಲಿಸಲು ಹೇಳಿದ್ದಿರಿ ಎಂಬುದಕ್ಕೆ ಆ ಪ್ರತಿಯೇ ನಿಮ್ಮ ಬಲವಾದ ಸಾಕ್ಷಿ. ಅದಿಲ್ಲದಿದ್ದರೆ, ಮಾಲೀಕರ ಖಾತೆಗೆ ಸೇರಿದ ಹಣವನ್ನು ಅವರ ಒಪ್ಪಿಗೆಯಿಲ್ಲದೆ ಮರಳಿ ಪಡೆಯುವುದು ನಿಮ್ಮ ಬ್ಯಾಂಕಿಗೆ ಸಾಮಾನ್ಯವಾಗಿ ಆಗದು.

ಸರಳ ದಾರಿ | ಗುರುವಾರ, 2ನೇ ತಾರೀಖು, ಬೆಳಿಗ್ಗೆ 7:20

ಶುಕ್ರವಾರವೇ ಕಡಿತವಾಗಬಹುದೆಂಬುದು ನನಗೆ ತಿಳಿದಿರಲಿಲ್ಲ, 4ರ ರಾತ್ರಿ ಎಂದು ಬರೆದ ನನ್ನ ಸಲಹೆಯನ್ನು ದಯವಿಟ್ಟು ಕೈಬಿಡಿ. ಆದರೂ ಒಂದು ಮಾತು: ಶಾಖೆಯ ಕೆಲಸ ಮುಗಿದ ಮೇಲೂ ಇಂದು ರಾತ್ರಿ ಹಣವನ್ನು ಬೇರೆ ಕಡೆ ಸರಿಸಿಟ್ಟರೆ ಇನ್ನಷ್ಟು ಭದ್ರವಲ್ಲವೇ?

ನಿವೃತ್ತ ಗುಮಾಸ್ತ | ಗುರುವಾರ, ಬೆಳಿಗ್ಗೆ 8:05

ರದ್ದತಿ ಖಚಿತವಾಗದೆ ಉಳಿದರೆ ಕೊನೆಯ ಉಪಾಯವಾಗಿ ಮಾಡಬಹುದು. ಅದೇ ಖಾತೆಯಿಂದ ಬೇರೆ ಕಂತುಗಳು, ವಿಮೆಯ ಹಣ ಇತ್ಯಾದಿ ಹೋಗುವುದಿದ್ದರೆ ಅವೂ ವಿಫಲವಾಗುತ್ತವೆ ಎಂಬುದು ನೆನಪಿರಲಿ. ಒಂದನ್ನು ತಡೆಯಲು ಹೋಗಿ ಸಾಲದ ಕಂತು ತಪ್ಪಿದರೆ ಅದರ ಪರಿಣಾಮ ಹೆಚ್ಚು ದಿನ ಕಾಡುತ್ತದೆ.

ನೀಲಿ ಬಾಗಿಲು | ಗುರುವಾರ, ಸಂಜೆ 5:30

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಏಕೆಂದರೆ ನೀವು ಎಚ್ಚರಿಸಿದ ಎರಡೂ ಸಂಗತಿಗಳು ಇಂದು ನನ್ನ ಕಣ್ಣೆದುರಿಗೇ ನಡೆದವು.

ಬೆಳಿಗ್ಗೆ 11 ಗಂಟೆಗೆ ಪತ್ರದ ಎರಡು ಪ್ರತಿಗಳೊಂದಿಗೆ ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಮಾಲೀಕರ ಹೆಸರು ಹುಡುಕಿ, ‘ಇದು ಆಗಲೇ ಮುಗಿದುಹೋಗಿದೆ, ನೀವು ಏನೂ ಮಾಡಬೇಕಿಲ್ಲ’ ಎಂದರು. ಅವರು ನೋಡಿದ್ದು ಹಳೆಯ ದಾಖಲೆಯನ್ನು. ಪತ್ರದಲ್ಲಿದ್ದ ಸಂಖ್ಯೆಯನ್ನು ತೋರಿಸಿದ ಮೇಲೆ ಎರಡನೆಯದನ್ನು ತೆರೆದರು. ಅದರಲ್ಲಿ ಅಂತಿಮ ದಿನಾಂಕದ ಜಾಗ ಖಾಲಿಯಿತ್ತು, ಅಂದರೆ ನಾನು ನಿಲ್ಲಿಸುವವರೆಗೂ ಅದು ನಡೆಯುತ್ತಲೇ ಇರುತ್ತಿತ್ತು. ಆ್ಯಪ್‌ನಲ್ಲಿ ಸಲ್ಲಿಸಿದ ಕೋರಿಕೆ ಸರದಿಯಲ್ಲಿ ಹಾಗೆಯೇ ಇತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಹೊಸ ಕೋರಿಕೆ ಹಾಕಲು ಹೋದರೆ ಹಳೆಯದು ಬಾಕಿಯಿದೆ ಎಂದು ಕಂಪ್ಯೂಟರು ಒಪ್ಪಲಿಲ್ಲ. ಆಮೇಲೆ ಅವರು ಆ್ಯಪ್‌ನ ಕೋರಿಕೆಯನ್ನೇ ಮುಂದಕ್ಕೆ ಕಳಿಸಿದರು.

ಅಷ್ಟಕ್ಕೆ ‘ಆಯಿತು’ ಎಂದರು. ಅನುಮೋದನೆ ಆಯಿತೇ ಎಂದು ಕೇಳಿದೆ. ಅಧಿಕಾರಿ ಸಭೆಯಲ್ಲಿದ್ದಾರೆ, ಸಂಜೆಯೊಳಗೆ ಮಾಡುತ್ತಾರೆ ಎಂದರು. ನಾನು ಅಲ್ಲಿಯೇ ಕುಳಿತೆ. ಕೂರುವುದು ನನಗೆ ಮುಜುಗರವೆನಿಸಿತು, ಆದರೆ ನಾಳೆ ಮುಂಜಾನೆಯೇ ಗಡುವು ಎಂಬುದನ್ನು ಹಳೆಯ ವಿವರಪಟ್ಟಿ ತೋರಿಸಿ ವಿವರಿಸಿದಾಗ ಅವರೂ ಅದನ್ನು ಅರ್ಥ ಮಾಡಿಕೊಂಡರು, ಮಧ್ಯಾಹ್ನ ತಾವೇ ಹೋಗಿ ಅಧಿಕಾರಿಯನ್ನು ಕರೆತಂದರು. 2:50ಕ್ಕೆ ಅನುಮೋದನೆಯಾಯಿತು. ಆ್ಯಪ್‌ನಲ್ಲಿ ನೋಡಿದಾಗ ‘ಸಕ್ರಿಯ’ ಹೋಗಿ ‘ರದ್ದು’ ಎಂದಾಗಿತ್ತು, ಮುಂದಿನ ದಿನಾಂಕದ ಜಾಗ ಖಾಲಿಯಾಗಿತ್ತು. ಬರುವ ಕಂತು ಸರದಿಗೆ ಸೇರಿದೆಯೇ ಎಂಬ ಪ್ರಶ್ನೆಗೆ ಅಧಿಕಾರಿಯವರು, ತಮ್ಮಲ್ಲಿ ಹಿಂದಿನ ರಾತ್ರಿಯೇ ಪಟ್ಟಿ ತಯಾರಾಗುತ್ತದೆ, ಇನ್ನೂ ಆಗಿಲ್ಲ ಎಂದರು. ಪತ್ರದ ಪ್ರತಿಗೆ ಮುದ್ರೆ ಮತ್ತು ಸಮಯ ಹಾಕಿಸಿಕೊಂಡು ಬಂದೆ. ಪರದೆಯ ಚಿತ್ರವನ್ನೂ ತೆಗೆದಿಟ್ಟಿದ್ದೇನೆ.

ರದ್ದತಿಗೆ ಶುಲ್ಕವಿದೆಯೇ ಎಂದು ಕೇಳಿದ್ದಕ್ಕೆ ಒಬ್ಬರು ಇಲ್ಲವೆಂದರು, ಇನ್ನೊಬ್ಬರು ನೋಡಬೇಕೆಂದರು.

ಮುಂಗಾರು ಓದುಗ | ಗುರುವಾರ, ಸಂಜೆ 6:15

ನನ್ನ ಚಂದಾವನ್ನು ಆ ಸೇವೆಯಲ್ಲಿಯೇ ರದ್ದುಪಡಿಸಿದೆ, ಧನ್ಯವಾದ. ಆದರೆ ಈ ತಿಂಗಳ ಕೊನೆಯವರೆಗೆ ನೋಡಬಹುದು ಎಂದು ಬಂದಿದೆ, ಹಾಗಾದರೆ ಇನ್ನೊಮ್ಮೆ ಹಣ ಹೋಗುತ್ತದೆಯೇ?

ಎರಡನೇ ಕಂತು | ಗುರುವಾರ, ಸಂಜೆ 6:40

ಅದು ಈಗಾಗಲೇ ಕೊಟ್ಟ ಹಣದ ಅವಧಿಯಾಗಿರಬೇಕು. ಮುಂದಿನ ಬಿಲ್ಲಿನ ದಿನ ಒಮ್ಮೆ ನೋಡಿಕೊಳ್ಳಿ.

ನೀಲಿ ಬಾಗಿಲು ಅವರೇ, ಮಾಲೀಕರಿಗೆ ಒಂದು ಸಂದೇಶ ಕಳಿಸಿದ್ದೀರಾ? ಹಣ ನಿಲ್ಲಿಸಿದ್ದೇನೆ, ಒಂದು ವೇಳೆ ಬಂದರೆ ಅದು ತಪ್ಪಿನಿಂದ ಬಂದದ್ದು ಎಂದು ಮೊದಲೇ ತಿಳಿಸಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಸಂಜೆ ಪಾಳಿ | ಗುರುವಾರ, ರಾತ್ರಿ 8:00

ಮಾತು ಸಲೀಸಾಗಿಲ್ಲದ ಕಡೆ ಇನ್ನೂ ಆಗದ ತಪ್ಪಿನ ಬಗ್ಗೆ ಮೊದಲೇ ಬರೆಯುವುದು ಬೇಡವೆಂದು ನನಗೆ ಅನಿಸುತ್ತದೆ. ಹಣ ಹೋದರೆ ಅದೇ ದಿನ ಬ್ಯಾಂಕಿಗೂ ಅವರಿಗೂ ಲಿಖಿತವಾಗಿ ತಿಳಿಸಬಹುದು.

ನೀಲಿ ಬಾಗಿಲು | ಸೋಮವಾರ, 6ನೇ ತಾರೀಖು, ಬೆಳಿಗ್ಗೆ 9:10

ಶುಕ್ರವಾರ ಮುಂಜಾನೆ ಯಾವ ಎಸ್‌ಎಂಎಸ್ ಸಹ ಬರಲಿಲ್ಲ. ಎಸ್‌ಎಂಎಸ್ ಬಾರದಿದ್ದರೆ ಹಣ ಹೋಗಿಲ್ಲ ಎಂದು ನಂಬದೆ ವಿವರಪಟ್ಟಿಯನ್ನೇ ತೆರೆದು ನೋಡಿದೆ: ಶುಕ್ರವಾರ, ಶನಿವಾರ, ಭಾನುವಾರ ಮತ್ತು ಇಂದು ಬೆಳಿಗ್ಗೆ, ನಾಲ್ಕೂ ದಿನ ಬಾಡಿಗೆಯ ಕಡಿತವಿಲ್ಲ. ಮಾಲೀಕರಿಗೆ ಏನೂ ಬರೆಯಲಿಲ್ಲ. ರದ್ದತಿಯ ಶುಲ್ಕವೆಂದು ಒಂದು ಸಣ್ಣ ಮೊತ್ತ ಶನಿವಾರದ ತಾರೀಖಿನಲ್ಲಿ ಕಡಿತವಾಗಿದೆ. ಅದು ಸರಿಯೇ ಎಂದು ಶಾಖೆಯಲ್ಲಿ ಕೇಳಬೇಕಾಗಿದೆ.

ನಿವೃತ್ತ ಗುಮಾಸ್ತ | ಸೋಮವಾರ, ಬೆಳಿಗ್ಗೆ 10:30

ಸಂತೋಷ. ಶುಲ್ಕದ ವಿಷಯದಲ್ಲಿ ಅವರ ಶುಲ್ಕಪಟ್ಟಿಯನ್ನು ತೋರಿಸಿ ಎಂದು ಕೇಳಿ. ರದ್ದತಿಗೆ ಎಂದು ಅದರಲ್ಲಿ ಇಲ್ಲದಿದ್ದರೆ ಮರಳಿ ಕೇಳುವುದು ನ್ಯಾಯ. ಕೆಲವೆಡೆ ಅದೇ ಸಾಲಿನಲ್ಲಿ ವಿಫಲತೆಯ ಶುಲ್ಕವನ್ನೂ ದಾಖಲಿಸುತ್ತಾರೆ, ಆದ್ದರಿಂದ ಅದು ಯಾವುದರ ಶುಲ್ಕ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಿಫಲತೆಯದ್ದಾದರೆ, ಸೂಚನೆ ಶುಕ್ರವಾರ ಓಡಲು ಯತ್ನಿಸಿತ್ತು ಎಂದರ್ಥ, ಆಗ ರದ್ದತಿ ಪೂರ್ಣವಾಗಿದೆಯೇ ಎಂಬುದನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಮುದ್ರೆ ಹಾಕಿದ ಪ್ರತಿಯನ್ನು ಮುಂದಿನ ತಿಂಗಳ 5 ಕಳೆಯುವವರೆಗೆ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.

ನೀಲಿ ಬಾಗಿಲು | ಸೋಮವಾರ, ಮಧ್ಯಾಹ್ನ 1:45

ಖಾತೆಯಲ್ಲಿ ಸಾಕಷ್ಟು ಹಣವಿತ್ತು, ಆದ್ದರಿಂದ ವಿಫಲತೆಯದ್ದಾಗಿರಲಾರದು ಎಂದುಕೊಂಡಿದ್ದೇನೆ. ಆದರೂ ಬರಹದಲ್ಲಿ ಕೇಳಿದ್ದೇನೆ, ಉತ್ತರ ಬಂದ ಮೇಲೆ ಇಲ್ಲಿ ಹಾಕುತ್ತೇನೆ.